ಕನಸಲ್ಲಿ ಯಾರದೋ ಮಗು ಕೊಡ್ತಾರೆ, ನಾನು ಎಲ್ಲೋ ಇಟ್ಟು ಮರೀತೀನಿ

ಪ್ರಶ್ನೆ (ಶಿಡ್ಲಘಟ್ಟ ಹತ್ತಿರದ ಹಳ್ಳಿಯಿಂದ): ಮೇಡಂ, ನನಗೆ 34. ಎರಡು ಮಕ್ಕಳು, ಇಬ್ಬರೂ ಸ್ಕೂಲಿಗೆ ಹೋಗ್ತಾರೆ. ಮನೇಲಿ ರೇಷ್ಮೆ ಹುಳ ಮೇಯಿಸ್ತೀವಿ. ಮೂರ್ನಾಲ್ಕು ತಿಂಗಳಿಂದ ಒಂದೇ ಕನಸು. ಬಸ್ ಸ್ಟ್ಯಾಂಡಲ್ಲಿ ಯಾರೋ ಒಂದು ಕೂಸನ್ನು ನನ್ನ ಕೈಗೆ ಕೊಡ್ತಾರೆ. ಅದನ್ನು ಎಲ್ಲೋ ಇಟ್ಟು ಮರೀತೀನಿ. ನೆನಪಾಗಿ ಓಡಿದ್ರೆ ಮಗು ಅಂಗೈಯಷ್ಟು ಸಣ್ಣದಾಗಿರುತ್ತೆ, ಹಾಲು ಕೊಟ್ಟೇ ಇಲ್ಲ ಅಂತ ಎದೆ ಹಿಂಡುತ್ತೆ. ಅಳೋದೂ ಇಲ್ಲ ಅದು. ಅತ್ತೆ ಶಾಂತಿ ಮಾಡಿಸು ಅಂತಾರೆ. ನನಗೆ ಗರ್ಭ ಹೋಗಿದ್ದು, ತೆಗೆಸಿದ್ದು ಏನೂ ಇಲ್ಲ. ಇದು ಕೆಟ್ಟದ್ದಾ?

ಉತ್ತರ (ಮನಶ್ಶಾಸ್ತ್ರಜ್ಞೆ, ಚಿಕ್ಕಬಳ್ಳಾಪುರ): ಕೆಟ್ಟದ್ದು ಅಲ್ಲಮ್ಮ. ಮುಂದೆ ಏನೋ ಆಗುತ್ತದೆ ಅಂತ ಹೇಳುವ ಕನಸೂ ಅಲ್ಲ. ಶಾಂತಿ ಮಾಡಿಸಿದರೆ ಅತ್ತೆಗೆ ಸಮಾಧಾನ ಆಗುತ್ತದೆ ಅಂದರೆ ಮಾಡಿಸಿ, ನನ್ನ ಅಡ್ಡಿ ಇಲ್ಲ.

ಮಗು ಅಂದರೆ ಇದು, ಹಾವು ಅಂದರೆ ಅದು ಅಂತ ಪಟ್ಟಿ ಇಟ್ಟುಕೊಂಡು ಅರ್ಥ ಹೇಳುವುದನ್ನು ನಾನು ನಂಬುವುದಿಲ್ಲ. ಇಂಥ ಕನಸಲ್ಲಿ ಮಗು ಯಾರದು ಅನ್ನುವುದಕ್ಕಿಂತ ನೀವು ಅದಕ್ಕೆ ಏನು ಮಾಡಿದಿರಿ ಅನ್ನುವುದೇ ಮುಖ್ಯ. ನಿಮ್ಮ ಕನಸಲ್ಲಿ ಮಗುವನ್ನು ಯಾರೂ ಕದಿಯಲಿಲ್ಲ, ಅದು ಸಾಯಲೂ ಇಲ್ಲ. ನಿಮ್ಮ ಕೈಗೆ ಬಂತು, ನೀವು ಇಟ್ಟಿರಿ, ಹೊಟ್ಟೆಗಿಲ್ಲದೆ ಕುಗ್ಗಿತು, ಆದರೂ ಉಸಿರಾಡುತ್ತಿದೆ. ತಾಯಂದಿರಲ್ಲದವರೂ, ಗಂಡಸರೂ ಇದೇ ಥರದ ಕನಸು ಹೇಳಿದ್ದನ್ನು ಕೇಳಿದ್ದೇನೆ. ಹಾಗಾಗಿ ನಿಮ್ಮನ್ನು ಎರಡು ವಿಷಯ ಕೇಳುತ್ತೇನೆ. ಒಂದು, ಕನಸು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನೀವು ಹಿಡಿದು ಕೈಬಿಟ್ಟ ಕೆಲಸ ಏನಾದರೂ ಇದೆಯಾ? ಇನ್ನೊಂದು, ಕನಸು ಬಂದ ದಿನಗಳನ್ನು ಕ್ಯಾಲೆಂಡರಲ್ಲಿ ಗುರುತು ಮಾಡಿದ್ದೀರಾ? ಎಚ್ಚರ ಆದ ತಕ್ಷಣ ಹೊರಳಾಡದೆ, ಕೊನೆಯ ದೃಶ್ಯದಿಂದ ಹಿಂದಕ್ಕೆ ನೆನೆಸಿಕೊಂಡು ಎರಡು ಸಾಲು ಬರೆಯಿರಿ. ಎದ್ದು ಮುಖ ತೊಳೆಯುವಷ್ಟರಲ್ಲಿ ಅರ್ಧ ಹೋಗಿರುತ್ತದೆ.

ಕೋಲಾರದಿಂದ ಒಬ್ಬರು: ಮೇಡಂ ಸುಮ್ನೆ ಸುತ್ತು ಹಾಕ್ತಿದ್ದಾರೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಹೇಳಿದ್ದು ಸ್ಪಷ್ಟ ಇದೆ, ಮಗು ಅಂದ್ರೆ ಹೊಸ ಆರಂಭ. ಒಳ್ಳೇದಾಗುತ್ತೆ ಸಿಸ್ಟರ್, ಖುಷಿ ಪಡಿ.

ಉತ್ತರ: ಅರ್ಧ ಸರಿ ಸರ್. ಯೂಂಗ್ ಮಗುವನ್ನು ಮುಂದೆ ಆಗಲಿರುವುದರ ಬೀಜ ಅಂತ ನೋಡಿದ್ದು ನಿಜ. ಆದರೆ ಅದೇ ಬರಹದಲ್ಲಿ ಆ ಮಗು ಮೊದಲು ಕೈಬಿಟ್ಟ ಮಗು, ದಿಕ್ಕಿಲ್ಲದ ಮಗು ಅಂತಲೂ ಹೇಳಿದ್ದಾರೆ. ಅದನ್ನು ಬಿಟ್ಟು ಬರೀ ಶುಭ ಅಂದರೆ, ಎದೆ ಹಿಂಡಿಕೊಂಡು ಎದ್ದ ಹೆಣ್ಣುಮಗಳಿಗೆ ನಿನ್ನ ಸಂಕಟ ಸುಳ್ಳು ಅಂದ ಹಾಗಾಗುತ್ತದೆ.

ಪ್ರಶ್ನೆ ಕೇಳಿದವರು: ಮೇಡಂ, ಹಳೇ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆ. ಮರೆಯದೆ ನೆನಪಿರೋ ದಿನಗಳೆಲ್ಲಾ ಹುಳ ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲಿನ ವಾರದಲ್ಲೇ ಬಿದ್ದಿವೆ, ಹುಳ ಜೋರಾಗಿ ಮೇಯೋ ಟೈಮು. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟು ಸೊಪ್ಪು ಹಾಕೋಕೆ ಏಳ್ತೀನಿ. ಬೆಳೆ ಮುಗಿದು ಗೂಡು ಮಾರ್ಕೆಟ್‌ಗೆ ಹೋದ ಮೇಲೆ ಕನಸೇ ಇಲ್ಲ! ಕೈಬಿಟ್ಟಿದ್ದು ಅಂದ್ರೆ, ಹೋದ ವರ್ಷ ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದೆ. ಪುಸ್ತಕ ಅಟ್ಟದ ಮೇಲಿದೆ. ಫೀಸು ಕಟ್ಟಿದ್ದು ನಮ್ಮಪ್ಪ. ಅವರು ಹೋಗಿ ಐದು ತಿಂಗಳಾಯ್ತು. ಅವತ್ತು ಮನೇಲಿ ಹುಳ ಇತ್ತು, ಬೆಳಗ್ಗೆ ಹೋದ್ರಾಯ್ತು ಅಂದುಕೊಂಡೆ. ಕೊನೇಗೆ ಮುಖ ನೋಡೋಕಾಗಲಿಲ್ಲ.

ಉತ್ತರ: ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್ ಕಣಮ್ಮ.

ಅಲಾರಂ ವಿಷಯ ಮೊದಲು, ಯಾಕೆಂದರೆ ಅದು ಸುಲಭ. ಕತೆಯಂಥ ಗಟ್ಟಿ ಕನಸುಗಳು ಬೀಳುವ ನಿದ್ದೆ ರಾತ್ರಿಯ ಕೊನೇ ಭಾಗದಲ್ಲೇ ಜಾಸ್ತಿ. ನಾಲ್ಕೂವರೆಗೆ ಅಲಾರಂ ಹೊಡೆದರೆ ನೀವು ಅದರ ನಟ್ಟನಡುವೆ ಏಳುತ್ತೀರಿ, ಅದಕ್ಕೇ ಕನಸು ಇಡಿಯಾಗಿ ಕೈಗೆ ಸಿಗುತ್ತದೆ. ಬೆಳೆ ಇಲ್ಲದ ದಿನಗಳಲ್ಲೂ ಅದು ಬರುತ್ತಿರಬಹುದು, ನಿದ್ದೆಯಲ್ಲೇ ಕರಗಿ ಹೋಗುತ್ತದೆ ಅಷ್ಟೆ. ಜೊತೆಗೆ ಆ ವಾರವಿಡೀ ಹಸಿದ ಸಣ್ಣ ಜೀವಗಳಿಗೆ ಹೊತ್ತು ಹೊತ್ತಿಗೆ ತಿನ್ನಿಸುವುದೇ ನಿಮ್ಮ ಕೆಲಸ. ಒಂದು ಹೊತ್ತು ಮರೆತರೆ ಬೆಳೆ ಕೆಡುತ್ತದೆ ಅನ್ನುವ ಭಯ ಮನಸ್ಸಲ್ಲಿ ಇದ್ದೇ ಇರುತ್ತದೆ, ಅಲ್ವಾ? ಅಂಗೈಯಷ್ಟು ಮಗು ಎಲ್ಲಿಂದ ಬಂತು ಅಂತ ದೂರ ಹುಡುಕಬೇಕಿಲ್ಲ.

ಆದರೆ ಹುಳ ನೀವು ಹತ್ತಾರು ವರ್ಷದಿಂದ ಮೇಯಿಸುತ್ತಿರಬೇಕು, ಕನಸು ಶುರುವಾಗಿದ್ದು ಅಪ್ಪ ಹೋದ ಮೇಲೆ. ಅವರು ಕೊಟ್ಟದ್ದು ಅಟ್ಟದ ಮೇಲಿದೆ, ಹೋಗಲಾಗಲಿಲ್ಲ ಅನ್ನುವ ಕೊರಗೂ ಅಲ್ಲೇ ಇದೆ. ಯಾವುದು ಮಗು, ಪುಸ್ತಕವೋ ಅಪ್ಪನೋ? ನಾನು ಹೇಳಲಾರೆ. ನಿಮಗೆ ಯಾವುದನ್ನು ಓದುವಾಗ ಗಂಟಲು ಕಟ್ಟಿತೋ ಅದನ್ನೇ ಹಿಡಿಯಿರಿ. ಆದರೆ ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ಪುಸ್ತಕಕ್ಕೆ ಇನ್ನೂ ದಾರಿ ಇದೆ, ಮುಂದಿನ ಪರೀಕ್ಷೆಗೆ ಕೂರಬಹುದು. ಅಪ್ಪನ ವಿಷಯಕ್ಕೆ ತಿದ್ದುವ ದಾರಿ ಇಲ್ಲ, ಅಳುವುದಿದೆ, ಯಾರ ಹತ್ತಿರವಾದರೂ ಹೇಳುವುದಿದೆ. ಎರಡನ್ನೂ ಒಂದೇ ಗಂಟು ಕಟ್ಟಿ 'ನಾನು ಸರಿ ಇಲ್ಲ' ಅಂತ ಹೊತ್ತುಕೊಂಡರೆ ಯಾವುದೂ ಇಳಿಯುವುದಿಲ್ಲ.

ಕನಸೇ ಕಾಡುತ್ತಿದ್ದರೆ ಇದನ್ನು ಮಾಡಿ. ಹಗಲಲ್ಲಿ, ಮಲಗುವ ಹೊತ್ತಿಗಲ್ಲ, ಕನಸನ್ನು ಬರೆದು ಒಂದು ಕಡೆಯಿಂದ ಬದಲಾಯಿಸಿ. ಹೇಗೆ ಬೇಕಾದರೂ ಆಗಲಿ. ಮಗುವನ್ನು ಸೆರಗಲ್ಲಿ ಕಟ್ಟಿಕೊಂಡು ಬಸ್ ಹತ್ತಿದೆ ಅಂತಲೇ ಇಟ್ಟುಕೊಳ್ಳಿ. ಆ ಹೊಸದನ್ನು ಮಾತ್ರ ದಿನಾ ಹತ್ತು ಹದಿನೈದು ನಿಮಿಷ ಕಣ್ಣು ಮುಚ್ಚಿ ನೋಡಿ, ಹಳೆಯದನ್ನು ಕೆದಕಬೇಡಿ. ಪದೇಪದೇ ಬರುವ ಕೆಟ್ಟ ಕನಸಿಗೆ ನಾವು ಮಾಡಿಸುವ ಅಭ್ಯಾಸ ಇದು. ಕೆಲವು ವಾರ ಬೇಕು, ಎಲ್ಲರಿಗೂ ಹಿಡಿಸುವುದಿಲ್ಲ.

ತುಮಕೂರಿನಿಂದ ಒಬ್ಬರು: ನನಗೆ ಏಳು ತಿಂಗಳಿಗೆ ಮಗು ಹೋಯ್ತು, ಆರು ವರ್ಷ ಆಯ್ತು. ಕನಸಲ್ಲಿ ಅದು ಬೆಳೀತಾ ಇದೆ, ಈಗ ಸ್ಕೂಲ್ ಬ್ಯಾಗ್ ಹಾಕಿಕೊಂಡು ಬರುತ್ತೆ. ನಾನೂ ಬದಲಾಯಿಸಿ ಬರೀಬೇಕಾ?

ಉತ್ತರ: ಬೇಡ. ನಿಮ್ಮದು ಬೇರೆ. ಅದು ನಿಮ್ಮದೇ ಮಗು, ಅದಕ್ಕೆ ಇನ್ನೊಂದು ಅರ್ಥ ಹುಡುಕುವುದೇ ತಪ್ಪು. ಕನಸಿಂದ ಎದ್ದಾಗ ನೋಡಿದೆನಲ್ಲ ಅನ್ನಿಸುತ್ತದಾ, ಇಲ್ಲ ದಿನವೆಲ್ಲಾ ಏಳಲಾಗದಷ್ಟು ಭಾರವಾ? ಮೊದಲನೆಯದಾದರೆ ಬರಲಿ ಬಿಡಿ. ಎರಡನೆಯದಾದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಗೌರಿಬಿದನೂರಿನ ಅಜ್ಜಿಯೊಬ್ಬರು (ಮೊಮ್ಮಗನ ಕೈಲಿ ಬರೆಸಿದ್ದು): ನಮ್ಮ ಮಗಳು ಬಾಣಂತಿ. ರಾತ್ರಿ ಎದ್ದು ಕೂಸು ಎಲ್ಲಿ ಎಲ್ಲಿ ಅಂತ ಹಾಸಿಗೆ ತಡಕಾಡ್ತಾಳೆ, ಕೂಸು ತೊಟ್ಟಿಲಲ್ಲೇ ಇರುತ್ತೆ. ಗಾಳಿ ಸೋಕಿದೆಯಾ?

ಉತ್ತರ: ಇಲ್ಲಮ್ಮ, ನಿದ್ದೆಗೆಟ್ಟ ಬಾಣಂತಿಯರಲ್ಲಿ ಇದು ತುಂಬಾ ಸಾಮಾನ್ಯ. ರಾತ್ರಿ ಒಂದು ಸಲ ನೀವು ಕೂಸು ನೋಡಿಕೊಂಡು ಅವಳನ್ನು ಮಲಗಿಸಿ. ಆದರೆ ಹಗಲಲ್ಲಿ ಎಚ್ಚರ ಇದ್ದಾಗಲೂ ಇಲ್ಲದ್ದು ಕೇಳಿಸುತ್ತದೆ, ಇದು ನನ್ನ ಕೂಸಲ್ಲ ಅನ್ನುತ್ತಾಳೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಬರುತ್ತಿಲ್ಲ ಅಂದರೆ ನಾಳೆ ಅನ್ನಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ): ಮೇಡಂ, ಪುಸ್ತಕ ಕೆಳಗೆ ಇಳಿಸಿದೆ, ಇನ್ನೂ ಬಿಚ್ಚಿಲ್ಲ. ನಿನ್ನೆ ಮತ್ತೆ ಬಂತು. ಈ ಸಲ ಮಗು ಅಳ್ತಿತ್ತು. ಇದು ಜಾಸ್ತಿ ಆಗಿದ್ದಾ, ಕಡಿಮೆ ಆಗಿದ್ದಾ?

ಉತ್ತರ: ಅದೊಂದರಿಂದ ಹೇಳಲಾಗದು. ಮುಂಚೆ ಅಳುತ್ತಿರಲಿಲ್ಲ ಅಂದಿದ್ದಿರಿ. ಎತ್ತಿಕೊಂಡಿರಾ?

ಪ್ರಶ್ನೆ ಕೇಳಿದವರು: ಬಗ್ಗಿದೆ ಮೇಡಂ. ಅಷ್ಟರಲ್ಲಿ ಅಲಾರಂ ಹೊಡೀತು, ಸೊಪ್ಪು ಹಾಕೋಕೆ ಹೋದೆ.