ಸಹಾಯ ಬೇಕು: ಆಫೀಸ್ ಖಾಲಿ ಮಾಡುವ ನೋಟಿಸ್, ಅಡ್ವಾನ್ಸ್ ವಾಪಸಾತಿ

ಎಲ್ಲರಿಗೂ ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮ ಆಫೀಸ್ ಇದೆ. 11 ತಿಂಗಳ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಎರಡು ತಿಂಗಳು ಮೊದಲೇ ಬರಹದಲ್ಲಿ ತಿಳಿಸಬೇಕು ಅಂತ ಕರಾರಿನಲ್ಲಿದೆ. ಹಾಗಾಗಿ ಜನವರಿ 31ರೊಳಗೆ ಮಾಲೀಕರ ಕೈಸೇರುವಂತೆ ನೋಟಿಸ್ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಬಾಯಿಮಾತಿಗೆ ಸಾಕ್ಷಿ ಇರಲ್ಲ ಅಲ್ವಾ?

ಅಡ್ವಾನ್ಸ್ 1,50,000 ರೂಪಾಯಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ 15,000 ಹಿಡಿಯಬಹುದು ಅಂತಲೂ ಕರಾರಿನಲ್ಲಿದೆ. ಉಳಿದ 1,35,000 ಬರಬೇಕು. ಆದರೆ ಮಾಲೀಕರು ‘ಹೊಸಬರು ಬಂದ ಮೇಲೆ ಕೊಡ್ತೀನಿ’ ಅಂತಾರೆ. ಅಂಥ ಷರತ್ತು ಕರಾರಿನಲ್ಲಿಲ್ಲ. ಈ ದುಡ್ಡು ಬರದಿದ್ದರೆ ಹೊಸ ಜಾಗಕ್ಕೆ ಅಡ್ವಾನ್ಸ್ ಕಟ್ಟುವುದು ನಮಗೆ ತುಂಬಾ ಕಷ್ಟ.

ನೋಟಿಸ್‌ನಲ್ಲಿ ಹೀಗೆ ಬರೆದಿದ್ದೇನೆ: ‘ಮಾರ್ಚ್ 31ರಂದು ಕರೆಂಟ್ ಬಿಲ್ ಕಟ್ಟಿದ ರಸೀದಿ ತೋರಿಸಿ ಬೀಗದ ಕೈ ಒಪ್ಪಿಸುತ್ತೇನೆ. ಅದೇ ದಿನ 1,35,000 ರೂಪಾಯಿ ನನ್ನ ಖಾತೆಗೆ ಹಾಕಬೇಕಾಗಿ ವಿನಂತಿ.’

ಇಷ್ಟು ಸಾಕಾ? ಅವತ್ತು ದುಡ್ಡು ಬರದಿದ್ದರೆ ಬೀಗದ ಕೈ ಕೊಡಬೇಕಾ, ಇಟ್ಟುಕೊಂಡರೆ ಏಪ್ರಿಲ್ ಬಾಡಿಗೆ ಕೇಳುತ್ತಾರಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.