"ಕಳೆದ ವರ್ಷದಂತೆ ಈ ವರ್ಷ ಹಂಚಿಲ್ಲ": ಈ ವಾಕ್ಯವನ್ನು ಹೇಗೆ ತಿದ್ದಬೇಕು?

ತೋಟದಮನೆ, ತೀರ್ಥಹಳ್ಳಿ: ನಮ್ಮ ಅಡಿಕೆ ಬೆಳೆಗಾರರ ಗುಂಪಿನ ವಾರ್ಷಿಕ ವರದಿಯ ಕರಡನ್ನು ಮೂರು ಬಾರಿ ತಿದ್ದಿ ಬೇಸತ್ತಿದ್ದೇನೆ. "ಕಳೆದ ವರ್ಷದಂತೆ ಈ ವರ್ಷ ಮೈಲುತುತ್ತವನ್ನು ಹಂಚಿಲ್ಲ" ಎಂಬ ವಾಕ್ಯ ಓದಿ ಇಬ್ಬರು ಹಿರಿಯರು ವಾದಕ್ಕೆ ನಿಂತಿದ್ದಾರೆ. ವ್ಯಾಕರಣದ ತಪ್ಪಂತೂ ಕಾಣುತ್ತಿಲ್ಲ.

ಸಾಗರದ ಓದುಗ: ಅಲ್ಪವಿರಾಮವಿಲ್ಲದಿರುವುದೇ ದೋಷ. "ಸೊರಬದಿಂದ ಬಂದ ಅಧ್ಯಕ್ಷರ ಮಗ" ಎಂದು ನಾನು ಬರೆದಾಗ ಬಂದವರು ಯಾರೆಂಬ ಗೊಂದಲವಾಗಿತ್ತು. "ಬಂದ" ಎಂಬುದರ ನಂತರ ಅಲ್ಪವಿರಾಮ ಹಾಕಿದೆ, ಬಂದವನು ಮಗನೆಂದಾಯಿತು.

ಕೊನೆಗಾರ: ಹಂಚದಿದ್ದರೇನಂತೆ, ನೀವೇ ತಂದುಕೊಳ್ಳಿ. ಅಡಿಕೆಯ ಕೊಳೆರೋಗ ತಡೆಯಲು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ನಮ್ಮಲ್ಲಿ ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಹೊಡೆದು ಮುಗಿಸುತ್ತೇವೆ.

ಹೊಸನಗರದ ಮೇಷ್ಟ್ರು: ಕೊನೆಗಾರರೇ, ಇಲ್ಲಿ ಕೊಳೆರೋಗ ತಗುಲಿರುವುದು ವಾಕ್ಯಕ್ಕೆ. ಓದುಗರೇ, ನಿಮ್ಮ ವಾಕ್ಯಕ್ಕೆ ಅಲ್ಪವಿರಾಮ ಸಾಕಾಗಿರಬಹುದು, ಇದಕ್ಕೆ ಸಾಲದು. ಕನ್ನಡದಲ್ಲಿ "ಇಲ್ಲ" ವಾಕ್ಯದ ಕೊನೆಯಲ್ಲಿ ಬರುವುದರಿಂದ, ಅದು ಬರಿಯ "ಹಂಚಿ" ಎಂಬುದನ್ನು ಅಲ್ಲಗಳೆಯುತ್ತದೆಯೋ, "ಕಳೆದ ವರ್ಷದಂತೆ ಹಂಚುವುದನ್ನು" ಒಟ್ಟಾಗಿ ಅಲ್ಲಗಳೆಯುತ್ತದೆಯೋ ತಿಳಿಯುವುದಿಲ್ಲ. ಮೊದಲನೆಯದಾದರೆ ಎರಡೂ ವರ್ಷ ಹಂಚಿಲ್ಲ, ಎರಡನೆಯದಾದರೆ ಕಳೆದ ವರ್ಷ ಹಂಚಿದ್ದೀರಿ. ಮಾತಿನಲ್ಲಿ ಒತ್ತು ಇದನ್ನು ಬಿಡಿಸುತ್ತದೆ, ಬರಹದಲ್ಲಿ ಒತ್ತಿಲ್ಲ. ಕರಡಿನಲ್ಲಿ ಹಿಡಿಯಲು, "ಇಲ್ಲ" ಎಂದು ಮುಗಿಯುವ ವಾಕ್ಯದ ಮುಂದೆ ಎರಡು ಬಾಲ ಜೋಡಿಸಿ ನೋಡಿ: "ಹೀಗೆ ಎರಡು ವರ್ಷವೂ ತಪ್ಪಿತು", "ಕಳೆದ ವರ್ಷವಾದರೂ ಸಿಕ್ಕಿತ್ತು". ಎರಡೂ ಹೊಂದಿದರೆ ವಾಕ್ಯವನ್ನು ಒಡೆಯಲೇಬೇಕು. "ಮಳೆ ಬಂದಿದ್ದರಿಂದ ಕೆಲಸ ನಿಲ್ಲಿಸಲಿಲ್ಲ" ಎಂಬುದೂ ಇದೇ ಜಾತಿ. ಅಂದಹಾಗೆ, ಕಳೆದ ವರ್ಷ ಹಂಚಿದ್ದಿರೋ ಇಲ್ಲವೋ?

ಸಾಗರದ ಓದುಗ: "ವರ್ಷದಂತೆ" ಎಂಬುದರ ಮುಂದೆ ಅಲ್ಪವಿರಾಮವಿದ್ದರೆ ಎರಡೂ ವರ್ಷ ಹಂಚಿಲ್ಲವೆಂದೇ ನಾನು ಓದುತ್ತೇನೆ.

ಹೊಸನಗರದ ಮೇಷ್ಟ್ರು: ನೀವು ಓದುತ್ತೀರಿ. ಆ ಹಿರಿಯರು ಓದುತ್ತಾರೆಯೇ?

ತೋಟದಮನೆ, ತೀರ್ಥಹಳ್ಳಿ: ಊರಿನವರಿಗೆಲ್ಲ ಗೊತ್ತಿರುವ ವಿಷಯವೆಂದು ಹೇಳಿರಲಿಲ್ಲ. ಕಳೆದ ವರ್ಷ ದಾಸ್ತಾನು ಮುಗಿದು, 64 ಸದಸ್ಯರಲ್ಲಿ 31 ಮಂದಿಗಷ್ಟೇ ಸಿಕ್ಕಿತ್ತು. ಹೀಗೆ ತಿದ್ದಿದ್ದೇನೆ: "ಕಳೆದ ವರ್ಷ ಎಲ್ಲ ಸದಸ್ಯರಿಗೂ ಹಂಚಿರಲಿಲ್ಲ. ಈ ವರ್ಷ ಹಂಚಿಲ್ಲ."

ಹೊಸನಗರದ ಮೇಷ್ಟ್ರು: ಹಾಗಿದ್ದರೆ ಇಬ್ಬರು ಹಿರಿಯರ ಓದೂ ಪೂರ್ತಿ ನಿಜವಲ್ಲ. ಹೊಸ ವಾಕ್ಯದಲ್ಲಿ "ಎಲ್ಲರಿಗೂ ಇಲ್ಲ" ಎಂಬುದು ಯಾರಿಗೂ ಇಲ್ಲವೆಂದೂ, ಕೆಲವರಿಗೆ ಮಾತ್ರ ಎಂದೂ ಆಗುತ್ತದೆ. ನಡೆದದ್ದನ್ನು ಇದ್ದಂತೆಯೇ ಹೇಳಿ: "ಕಳೆದ ವರ್ಷ 64 ಸದಸ್ಯರಲ್ಲಿ 31 ಮಂದಿಗೆ ಮೈಲುತುತ್ತ ಹಂಚಿದ್ದೆವು; ಈ ವರ್ಷ ಯಾರಿಗೂ ಹಂಚಿಲ್ಲ."

ತೋಟದಮನೆ, ತೀರ್ಥಹಳ್ಳಿ: ಸರಿ, ಹಾಗೆಯೇ ಹಾಕುತ್ತೇನೆ. ಆದರೆ ಉಳಿದ 33 ಮಂದಿ ಯಾರೆಂದು ಸಭೆಯಲ್ಲಿ ಕೇಳುವುದು ಖಂಡಿತ.

ಸಾಗರದ ಓದುಗ: ಅಲ್ಪವಿರಾಮದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.