ಓದುಗರ ಸ್ಪಂದನ: ಆ ಸಂಜೆ ಎಲ್ಲಿರಲಿ?

ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದ ಪತ್ರ ನಿಮಗೆ ನೆನಪಿರಬಹುದು. 2024ರ ಅನಂತ ಚತುರ್ದಶಿಯ ಸಂಜೆ, ಬೀದಿಯಲ್ಲಿ ಗಣಪತಿ ಮೆರವಣಿಗೆ ಸಾಗುತ್ತಿದ್ದಾಗ, ಅವರ ಗಂಡ ಮನೆಯಲ್ಲೇ ಎದೆನೋವಿನಿಂದ ತೀರಿಕೊಂಡರು. ಆಂಬುಲೆನ್ಸ್ ಬರುವುದು ತಡವಾಗಿತ್ತು. ಅಂದಿನಿಂದ ಢೋಲ್ ತಾಶಾ ಸದ್ದು ಕೇಳಿದರೆ ಅವರ ಕೈಕಾಲು ನಡುಗುತ್ತವೆ. ಮೊದಲ ವರ್ಷ ಹಬ್ಬ ಮಾಡಲಿಲ್ಲ. ಈ ವರ್ಷ ಹದಿನಾಲ್ಕರ ಮಗ ಗಣಪತಿ ತರೋಣ ಅನ್ನುತ್ತಿದ್ದಾನೆ. ಅತ್ತೆ ಬೇಡ ಅನ್ನುತ್ತಿದ್ದಾರೆ. ಆದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಸಂಜೆ ನಾನು ಎಲ್ಲಿರಲಿ?"

ಬಂದ ಪತ್ರಗಳಲ್ಲಿ ಹೆಚ್ಚಿನವು ಗಣಪತಿ ತರಬೇಕೋ ಬೇಡವೋ ಎಂಬುದನ್ನೇ ಹಿಡಿದುಕೊಂಡಿವೆ. ಇರಲಿ, ಮೊದಲು ಲೆಕ್ಕದ ಪತ್ರ.

*

ತಿಥಿ ಬೇರೆ, ತಾರೀಖು ಬೇರೆ. ನಿಮ್ಮ ಪತ್ರದಲ್ಲಿ ಎರಡೂ ಕಲಸಿಹೋಗಿವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಯಜಮಾನರು ಹೋದದ್ದು ಸೆಪ್ಟೆಂಬರ್ 17. ಮರುವರ್ಷ, ಅಂದರೆ 2025ರಲ್ಲಿ, ಅನಂತ ಚತುರ್ದಶಿ ಸೆಪ್ಟೆಂಬರ್ 6ಕ್ಕೇ ಬಂತು. ಚಾಂದ್ರಮಾನದ ವರ್ಷ 354 ದಿನದ್ದು, ಆದ್ದರಿಂದ ತಿಥಿ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಈ ವರ್ಷ ಅಧಿಕ ಜ್ಯೇಷ್ಠ ಸೇರಿಕೊಂಡದ್ದರಿಂದ ಅದೇ ತಿಥಿ ಮುಂದೆ ಹೋಗಿ ಸೆಪ್ಟೆಂಬರ್ 25ಕ್ಕೆ ಬಿದ್ದಿದೆ. ಗಣೇಶ ಚೌತಿ 14ಕ್ಕೆ. ನಿಮ್ಮ ತಾರೀಖು 17 ಹಬ್ಬದ ಮಧ್ಯದಲ್ಲೇ ಬರುತ್ತದೆ, ತಿಥಿ ಕೊನೇ ದಿನ. ಅದರ ಬೆನ್ನಿಗೇ ಪಿತೃಪಕ್ಷ, ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆಯವರೆಗೆ. ಹಾಗಾಗಿ "ಆ ದಿನ" ಅಂತ ಒಂದು ದಿನ ಈ ಸಲ ಇಲ್ಲ, ಹೆಚ್ಚುಕಡಿಮೆ ನಾಲ್ಕು ವಾರ ಇದೆ. ಶ್ರಾದ್ಧ ತಿಥಿಗೆ ಮಾಡಿ. ಅಳು ತಾರೀಖಿಗೂ ಬಂದರೆ ಅದಕ್ಕೆ ಪಂಚಾಂಗ ಕೇಳಬೇಕಿಲ್ಲ. ಹಬ್ಬ ಬಿಡುವ ಪದ್ಧತಿ ನಮ್ಮ ಕಡೆ ಒಂದು ವರ್ಷಕ್ಕೆ. ಅದು ಮುಗಿದಿದೆ.
— ಮಾಟುಂಗಾದ ನಿವೃತ್ತ ಬ್ಯಾಂಕ್ ನೌಕರ

*

ನಿಮ್ಮ ಪತ್ರ ಎರಡು ಸಲ ಓದಿದೆ. ಅತ್ತೆ ಬೇಡ ಅಂದರು ಅಂತಷ್ಟೇ ಇದೆ. ಅವರಿಗೆ ಹೋದದ್ದು ಹೆತ್ತ ಮಗ. ಆ ಸಂಜೆ ಅವರು ಎಲ್ಲಿರಬೇಕು ಅಂತ ಯಾರಾದರೂ ಕೇಳಿದಿರಾ?
— ಠಾಣೆಯ ಓದುಗಿ

*

ಈ ಪತ್ರವನ್ನು ಕೈಬಿಡೋಣವೇ ಎಂದು ಯೋಚಿಸಿದೆವು. ಬಿಡಲಿಲ್ಲ. ಮುಂದಿನದು ಪಿಂಪ್ರಿಯಿಂದ ಬಂದದ್ದು, ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

*

ತಂಗಿ, ನಿನ್ನ ಪತ್ರ ಓದಿ ಎರಡು ದಿನ ನಿದ್ದೆ ಬರಲಿಲ್ಲ. ನಾನು ಧಾರವಾಡದ ಕಡೆಯವನು. ಪಿಂಪ್ರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದೆ. ನಮ್ಮ ಮಗ ಇಪ್ಪತ್ತೆರಡು ವರ್ಷದವನು, ನೀರು ತುಂಬೋ ಹಬ್ಬದ ರಾತ್ರಿ ಬೈಕಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಏಳು ವರ್ಷವಾಯಿತು. ಅವನೇ ಪ್ರತಿ ವರ್ಷ ಬಿದಿರು ಕಡ್ಡಿ ಸೀಳಿ ಆಕಾಶಕಂದೀಲು ಮಾಡುತ್ತಿದ್ದ. ಆ ವರ್ಷದ್ದು ಅರ್ಧ ಮಾಡಿದ್ದು ಇನ್ನೂ ಅಟ್ಟದ ಮೇಲಿದೆ.

ಮೊದಲ ದೀಪಾವಳಿಗೆ ನಾವು ಓಡಿಹೋದೆವು. ಬೆಳಗಾವಿಯಲ್ಲಿ ನನ್ನ ತಂಗಿಯ ಮನೆಗೆ. ಅಲ್ಲೂ ದೀಪಾವಳಿಯೇ ಅಲ್ವಾ, ಅದು ನಮಗೆ ಹೊಳೆದೇ ಇರಲಿಲ್ಲ ನೋಡು. ಅವರು ಹಂಡೆಗೆ ಸುಣ್ಣ ಬಳಿದು ನೀರು ತುಂಬುವ ಹೊತ್ತಿಗೆ ನನ್ನ ಹೆಂಡತಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ತಾಸು ತೆಗೆಯಲಿಲ್ಲ. ತಂಗಿಯ ಮಕ್ಕಳು ಪಟಾಕಿ ಹಚ್ಚದೆ ಮೂಲೆಯಲ್ಲಿ ಕೂತಿದ್ದವು, ಪಾಪ. ಅವರ ಹಬ್ಬ ಕೆಡಿಸಿದೆವು ಅನ್ನೋ ಸಂಕಟ ಬೇರೆ. ಎದ್ದು ಬರೋಣ ಅಂದರೆ ಬಸ್ಸಿಗೆ ಮರುದಿನದ ಟಿಕೆಟ್. ಅದಕ್ಕೇ ಹೇಳುತ್ತೇನೆ, ಎಲ್ಲಿಗೇ ಹೋಗು, ನಡುವೆ ಎದ್ದು ಬರಲು ಆಗುವಂಥ ಜಾಗಕ್ಕೆ ಹೋಗು.

ಎರಡನೇ ವರ್ಷ ಮನೆಯಲ್ಲೇ ದೀಪ ಆರಿಸಿ ಕೂತೆವು. ಅದೂ ಆಗಲಿಲ್ಲ. ಅಕ್ಕಪಕ್ಕದವರು ಫರಾಳದ ತಟ್ಟೆ ಹಿಡಿದು ಒಬ್ಬರ ಹಿಂದೊಬ್ಬರು ಬಾಗಿಲು ಬಡಿದರು. ಒಳ್ಳೆಯವರೇ. ಆದರೆ ಪ್ರತಿ ಸಲ ಬಾಗಿಲು ತೆಗೆದು ಮುಖ ತೋರಿಸಬೇಕಲ್ಲ. ಅದರ ಮುಂದಿನ ವರ್ಷ ನಾಲ್ಕು ದಿನ ಮೊದಲೇ ನಾನೇ ಹೋಗಿ ಹೇಳಿ ಬಂದೆ: "ನರಕ ಚತುರ್ದಶಿ ದಿನ ನಮಗೆ ಕಷ್ಟ, ಪಾಡ್ಯದ ದಿನ ಬನ್ನಿ." ಅಷ್ಟೇ. ಒಬ್ಬರೂ ತಪ್ಪು ತಿಳಿಯಲಿಲ್ಲ. ಜನಕ್ಕೂ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ, ಹೇಳಿದರೆ ಅವರಿಗೂ ಹಗುರ.

ಆ ಮೂರನೇ ವರ್ಷ ಇನ್ನೊಂದು ಗೊತ್ತಾಯಿತು. ಹಬ್ಬಕ್ಕೆ ಒಂದು ವಾರ ಇರುವಾಗ ನನ್ನ ಹೆಂಡತಿಗೆ ಎದೆ ಬಿಗಿತ, ಉಸಿರು ಸಾಲದು. ಗಾಬರಿಯಾಗಿ ಆಸ್ಪತ್ರೆಗೆ ಹೋದೆವು. ಇಸಿಜಿ ಸರಿ ಇತ್ತು. ಡಾಕ್ಟರು ಹಳೇ ಚೀಟಿಗಳನ್ನು ತಿರುವಿ, "ಕಳೆದ ವರ್ಷವೂ ಇದೇ ತಿಂಗಳು ಬಂದಿದ್ದೀರಿ, ಈ ದಿನಗಳಲ್ಲಿ ಏನಾದರೂ ಆಗಿತ್ತಾ?" ಅಂತ ಕೇಳಿದರು. ಅವಳು ಅಲ್ಲೇ ಅತ್ತಳು. ದಿನಕ್ಕಿಂತ ಅದರ ಹಿಂದಿನ ವಾರವೇ ಜಾಸ್ತಿ ಹಿಂಡುತ್ತದೆ. ಸುಮ್ನೆ ಸಿಟ್ಟು ಬರುತ್ತೆ, ಹಸಿವಾಗಲ್ಲ, ಬೆಳಗಿನ ಮೂರಕ್ಕೆ ಎಚ್ಚರ. ಯಾಕೆ ಅಂತ ತಿಳಿಯದಿದ್ದರೆ ಗಂಡ ಹೆಂಡತಿ ಜಗಳ. ಈಗ ಆ ವಾರ ನಾವು ಬ್ಯಾಂಕು, ಮದುವೆ ಮಾತುಕತೆ, ಯಾವ ತೀರ್ಮಾನವನ್ನೂ ಇಟ್ಟುಕೊಳ್ಳುವುದಿಲ್ಲ. ಆದರೆ ಎದೆನೋವು ಬಂದರೆ ದುಃಖದ್ದೇ ಇರಬೇಕು ಅಂತ ಮನೆಯಲ್ಲಿ ಕೂರಬೇಡ, ತೋರಿಸಿಕೋ.

ನಾಲ್ಕನೇ ವರ್ಷ ಮಗನ ಎಂಟು ಗೆಳೆಯರನ್ನು ಊಟಕ್ಕೆ ಕರೆದೆವು. ಕರ್ಜಿಕಾಯಿ, ಚಕ್ಕಲಿ ಎಲ್ಲ ಮಾಡಿದಳು. ಮೊದಲು ಅವನ ಮಾತಾಡಿದರು. ಆಮೇಲೆ ನೌಕರಿ, ಮದುವೆ, ಒಬ್ಬನ ಮಗು. ತಪ್ಪೇನಿಲ್ಲ, ಅವರು ಬೆಳೆದಿದ್ದಾರೆ. ನಮ್ಮವನು ಇಪ್ಪತ್ತೆರಡಕ್ಕೇ ನಿಂತಿದ್ದಾನೆ. ಅವಳು ಒಳಗೆ ಹೋದವಳು ಬರಲೇ ಇಲ್ಲ. ಈಗ ಇಬ್ಬರನ್ನೇ ಕರೆಯುತ್ತೇವೆ, ನಾಲ್ಕಕ್ಕೆ ಬಂದು ಐದೂವರೆಗೆ ಹೊರಡುತ್ತಾರೆ, ಚಹಾ ಮಾತ್ರ. ಅವರಲ್ಲೊಬ್ಬ ಕಂದೀಲು ಕಟ್ಟಿ ಹೋಗುತ್ತಾನೆ. ಅಂಗಡಿಯದ್ದು. ಅಟ್ಟದ ಮೇಲಿನದನ್ನು ಮುಟ್ಟುವುದಿಲ್ಲ.

ನನಗೆ ಅವನ ಮಾತಾಡಬೇಕು. ಅವಳಿಗೆ ಕೈಗೆ ಕೆಲಸ ಬೇಕು, ಮಾತು ಬೇಡ. ಬಹಳ ವರ್ಷ ನಾನು ಅದನ್ನು ಕಲ್ಲುಮನಸ್ಸು ಅಂದುಕೊಂಡೆ, ಬಾಯಿಬಿಟ್ಟು ಅಂದೂಬಿಟ್ಟೆ. ಅದೊಂದು ಮಾತು ಹಿಂದಕ್ಕೆ ಬರುವಂತಿದ್ದರೆ... ಈಗ ಬೆಳಿಗ್ಗೆ ಇಬ್ಬರೂ ಜೊತೆಗೆ ಎಣ್ಣೆ ಹಚ್ಚಿ ಸ್ನಾನ ಮಾಡುತ್ತೇವೆ, ಮಧ್ಯಾಹ್ನ ಅವಳು ಪಾತ್ರೆ ತಿಕ್ಕುತ್ತಾಳೆ, ನಾನು ಕೆಳಗೆ ಕಟ್ಟೆಗೆ ಹೋಗಿ ಯಾರಿಗಾದರೂ ಅವನ ಕತೆ ಹೇಳುತ್ತೇನೆ. ರಾತ್ರಿ ಹತ್ತೂಮುಕ್ಕಾಲಿಗೆ, ಫೋನ್ ಬಂದ ಹೊತ್ತಿಗೆ, ಇಬ್ಬರೂ ಒಂದೇ ಕೋಣೆಯಲ್ಲಿರುತ್ತೇವೆ. ಅದೊಂದು ತಪ್ಪಿಸುವುದಿಲ್ಲ. ಇಡೀ ದಿನವನ್ನು ಹೊರಲು ಹೋಗಬೇಡ ತಂಗಿ. ನಿನ್ನ ಗಳಿಗೆ ಯಾವುದು ಅಂತ ನೋಡಿಕೋ, ಅದಕ್ಕೆ ಒಬ್ಬರನ್ನು ಗೊತ್ತು ಮಾಡಿಟ್ಟುಕೋ. ಉಳಿದ ತಾಸುಗಳು ಹೇಗೋ ಸರಿಯುತ್ತವೆ.
— ಪಿಂಪ್ರಿಯ ಓದುಗ

*

ಗಳಿಗೆಯ ಮಾತು ಇನ್ನೂ ಇಬ್ಬರು ಬರೆದಿದ್ದಾರೆ. ಅವರಲ್ಲೊಬ್ಬರು ಆ ಗಳಿಗೆಯನ್ನು ಬೇರೆ ರೀತಿ ಕಳೆಯುತ್ತಾರೆ.

*

ನಾನು ರೈಲಿನಲ್ಲಿರುತ್ತೇನೆ. ಅಮ್ಮ ಹೋದ ದಿನ ವಾಸ್ಕೋದಿಂದ ಕುಳೆಂ ಪ್ಯಾಸೆಂಜರ್ ಹತ್ತಿ, ಅಲ್ಲಿ ಚಹಾ ಕುಡಿದು, ವಾಪಸ್ ಬರುತ್ತೇನೆ. ಕಿಟಕಿ ಪಕ್ಕ ಅತ್ತರೆ ಯಾರೂ ಕೇಳುವುದಿಲ್ಲ. ಒಂದು ಹೊಟ್ಟೆಕಿಚ್ಚು ಮಾತ್ರ ಇದೆ. ಇಲ್ಲಿ ನಮ್ಮ ಕ್ರಿಶ್ಚಿಯನ್ ನೆರೆಯವರು ನವೆಂಬರ್ 2ಕ್ಕೆ ಎಲ್ಲರೂ ಒಟ್ಟಿಗೆ ಸಮಾಧಿಗೆ ಹೋಗಿ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಊರಿಗೆ ಊರೇ ಒಂದೇ ದಿನ ನೆನೆಯುತ್ತದೆ. ನಮಗೆ ಒಬ್ಬೊಬ್ಬರಿಗೆ ಒಂದೊಂದು ದಿನ, ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ.
— ವಾಸ್ಕೋದ ಶಿಕ್ಷಕಿ

*

ಆಂಟಿ, ಅಪ್ಪ ಹೋದಾಗ ನನಗೆ ಹದಿನೈದು. ಅಮ್ಮ ಗಣಪತಿ ನಿಲ್ಲಿಸಿಬಿಟ್ಟರು, ನನ್ನನ್ನು ಕೇಳಲಿಲ್ಲ. ಅಪ್ಪನ ಜೊತೆ ಮಖರ ಕಟ್ಟುವುದು ನನ್ನ ಕೆಲಸವಾಗಿತ್ತು. ಅಪ್ಪನ ಜೊತೆ ಅದೂ ಹೋಯಿತು. ನಿಮ್ಮ ಮಗ ಹಬ್ಬಕ್ಕೆ ಹಠ ಮಾಡುತ್ತಿದ್ದಾನೆ ಅಂತ ಬರೆದಿದ್ದೀರಿ, ಅವನಿಗೆ ಹಬ್ಬ ಬೇಕೋ ಅಪ್ಪ ಬೇಕೋ ಕೇಳಿ ನೋಡಿ. ಅಂಗೈ ಅಗಲದ ಶಾಡೂ ಮಣ್ಣಿನ ಗಣಪತಿ ತನ್ನಿ, ಒಂದೂವರೆ ದಿನ ಇಡಿ. 14ಕ್ಕೆ ತಂದರೆ 15ಕ್ಕೇ ವಿಸರ್ಜನೆ. ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡಬಹುದು, ಶಾಡೂ ಆದರೆ ಕರಗುತ್ತೆ, ಪಿಒಪಿ ಕರಗಲ್ಲ. ಮೆರವಣಿಗೆ ಇಲ್ಲ, ಢೋಲ್ ಇಲ್ಲ. ನಿಮ್ಮ 17 ಬರುವ ಹೊತ್ತಿಗೆ ಮುಗಿದಿರುತ್ತೆ. ಮತ್ತೆ ಫೋನಿನ ಫೋಟೋ ಆಪ್‌ನಲ್ಲಿ ಮೆಮೊರೀಸ್ ಆಫ್ ಮಾಡಿಡಿ. ನಮ್ಮಮ್ಮನಿಗೆ ಅದು ಬೆಳಿಗ್ಗೆ ಏಳಕ್ಕೇ "ಎರಡು ವರ್ಷದ ಹಿಂದೆ ಈ ದಿನ" ಅಂತ ಆಸ್ಪತ್ರೆಯ ಫೋಟೋ ತೋರಿಸಿತ್ತು.
— ನವಿ ಮುಂಬಯಿಯ ವಿದ್ಯಾರ್ಥಿ

*

ಗಣಪತಿಯ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರ ನಮಗೆ ಬರಲಿಲ್ಲ. ಮುಲುಂಡಿನ ಆಪ್ತ ಸಮಾಲೋಚಕಿಯೊಬ್ಬರ ಪತ್ರದಿಂದ ಒಂದು ಭಾಗ:

*

ಎಲ್ಲರೂ ದಿನದ ಬಗ್ಗೆ ಬರೆಯುತ್ತಾರೆ ಅಂತ ಗೊತ್ತು, ನಾನು ಸದ್ದಿನ ಬಗ್ಗೆ ಬರೆಯುತ್ತೇನೆ. ನಿಮ್ಮದು ವರ್ಷಾಬ್ದಿಕದ ದುಃಖ ಮಾತ್ರ ಅಲ್ಲ. ಢೋಲ್ ಕೇಳಿದರೆ ಕೈಕಾಲು ನಡುಗುವುದು, ಆ ಕೋಣೆ ಮತ್ತೆ ಕಣ್ಣಿಗೆ ಬರುವುದು, ಇದು ಆ ಸಂಜೆಯ ಆಘಾತ. ಇವೆರಡಕ್ಕೆ ಮದ್ದು ಬೇರೆ. ದುಃಖಕ್ಕೆ ಜನ ಬೇಕು, ನೆನಪು ಬೇಕು. ಆಘಾತಕ್ಕೆ ಮೊದಲು ದೇಹಕ್ಕೆ "ಇದು ಅವತ್ತಲ್ಲ" ಅಂತ ತಿಳಿಯಬೇಕು. ಸದ್ದು ಶುರುವಾದಾಗ ಪಾದ ನೆಲಕ್ಕೆ ಒತ್ತಿ ನಿಲ್ಲಿ, ಇವತ್ತಿನ ತಾರೀಖು ಗಟ್ಟಿಯಾಗಿ ಹೇಳಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ. ಉಸಿರು ಎಳೆಯುವುದಕ್ಕಿಂತ ಬಿಡುವುದು ನಿಧಾನವಾಗಲಿ. ಈ ಸಲ 25ರ ಸಂಜೆ ಮೆರವಣಿಗೆ ದಾರಿಯಿಂದ ದೂರದ ಮನೆಯಲ್ಲಿರಿ, ತಪ್ಪೇನಿಲ್ಲ. ಆದರೆ ವರ್ಷವಿಡೀ ಮದುವೆ ಬ್ಯಾಂಡಿಗೂ ಹೆದರಿ ಹೊರಗೆ ಹೋಗುವುದನ್ನೇ ಬಿಡುತ್ತಿದ್ದರೆ, ಆಗ ಸಹಾಯ ಬೇಕು. ಎರಡು ವರ್ಷವಾಗುತ್ತಾ ಬಂತು. ಈಗಲೂ ದುಃಖ ಹೆಚ್ಚುಕಡಿಮೆ ದಿನವೂ ಅಷ್ಟೇ ತೀವ್ರವಾಗಿದ್ದು, ಅಡುಗೆ, ಕೆಲಸ, ಮಗ ಯಾವುದೂ ಹತ್ತದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ 14416, ಸರ್ಕಾರದ್ದು, ಉಚಿತ, ಹಗಲೂ ರಾತ್ರಿ ಇರುತ್ತದೆ. ಬದುಕುವುದೇ ಬೇಡ ಅನ್ನಿಸಿದರೆ 25ರವರೆಗೆ ಕಾಯಬೇಡಿ, ಅವತ್ತೇ ಮಾಡಿ.

ಆಂಬುಲೆನ್ಸ್ ವಿಷಯ. "ನಾನು ಹತ್ತು ನಿಮಿಷ ಮೊದಲು ಫೋನ್ ಮಾಡಿದ್ದರೆ" ಎಂದು ಬರೆದಿದ್ದೀರಿ. ಆ ಸಾಲನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿ. ನೀವು ಅದನ್ನು ಇನ್ನೂ ಯಾರಿಗೂ ಹೇಳಿಲ್ಲ ಅನ್ನಿಸುತ್ತದೆ.

*

ಎಲ್ಲ ಪತ್ರಗಳನ್ನೂ, ಇಲ್ಲಿ ಹಾಕಲಾಗದ ಹದಿನಾಲ್ಕನ್ನೂ ಸೇರಿಸಿ, ಡೊಂಬಿವಲಿಗೆ ಕಳಿಸಿದ್ದೇವೆ. ಠಾಣೆಯ ಎರಡು ಸಾಲನ್ನು ಮೇಲೆಯೇ ಇಟ್ಟಿದ್ದೇವೆ. ಮೊನ್ನೆ ಆ ಮನೆಯಿಂದ ಫೋನ್ ಬಂದಿತ್ತು, ಮಾತಾಡಿದ್ದು ಅತ್ತೆ. ಪಿಂಪ್ರಿಯವರ ವಿಳಾಸ ಕೇಳಿದರು. ಅವರನ್ನು ಕೇಳಿ ಕೊಡುತ್ತೇವೆ ಅಂದೆವು.
— ಸಂ.